ಹಳೇ ಮೇಲ್‌ಗೆ ಹೊಸ ರಿಪ್ಲೈ

ನವೆಂಬರ್‌ನಲ್ಲಿ ಒಂದು ಕಂಪನಿಯ ಫರ್ಮ್‌ವೇರ್ ಇಂಟರ್ನ್‌ಶಿಪ್‌ಗೆ ಇಂಟರ್ವ್ಯೂ ಕೊಟ್ಟಿದ್ದೆ, ರಿಜೆಕ್ಟ್ ಆಯ್ತು. ಮಾರ್ಚ್‌ನಲ್ಲಿ ಅವರದ್ದೇ ಪೇಜಲ್ಲಿ ಟೆಸ್ಟಿಂಗ್ ಇಂಟರ್ನ್ ಬೇಕು ಅಂತ ಬಂತು. ಮೊದಲು ಪೋರ್ಟಲ್‌ನಲ್ಲಿ ಅಪ್ಲೈ ಮಾಡಿ, ಆಮೇಲೆ ರಿಕ್ರೂಟರ್ ಜೊತೆಗಿನ ಹಳೇ ಮೇಲ್‌ಗೇ ರಿಪ್ಲೈ ಹಾಕಿದೆ. ಅಷ್ಟೊಂದು ಜನರ ಮಧ್ಯೆ ಅವರಿಗೆ ನನ್ನ ಹೆಸರು ನೆನಪಿರಲ್ಲ. ಕೆಳಗೆ ಹಳೇ ಮಾತುಕತೆ ಇದ್ರೆ ನೆನಪಾಗುತ್ತೆ. (ರಿಜೆಕ್ಷನ್ ಮೇಲ್ ನೋ-ರಿಪ್ಲೈ ವಿಳಾಸದಿಂದ ಬಂದಿತ್ತು. ಅದಕ್ಕೇ ಇಂಟರ್ವ್ಯೂ ಟೈಮ್ ಫಿಕ್ಸ್ ಮಾಡಿದ್ದ ಮೇಲ್ ಹುಡುಕಿದೆ.)

ಬರೆದಿದ್ದು ಇಂಗ್ಲಿಷಲ್ಲಿ. ಕನ್ನಡದಲ್ಲಿ ಹೇಳಿದ್ರೆ ಇಷ್ಟೇ:

"ನಮಸ್ಕಾರ ಮೇಡಂ, ನವೆಂಬರ್‌ನಲ್ಲಿ ಫರ್ಮ್‌ವೇರ್ ಇಂಟರ್ನ್‌ಶಿಪ್‌ಗೆ ನಿಮ್ಮ ಜೊತೆ ಮಾತಾಡಿದ್ದೆ. ಈಗಿನ ಟೆಸ್ಟಿಂಗ್ ಇಂಟರ್ನ್‌ಶಿಪ್‌ಗೆ ಇವತ್ತು ಅಪ್ಲೈ ಮಾಡಿದ್ದೀನಿ. ಈ ನಡುವೆ ಬೋರ್ಡ್‌ನ ಸೀರಿಯಲ್ ಲಾಗ್ ಓದಿ ತಪ್ಪು ಹಿಡಿಯೋ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೀನಿ, ಲಿಂಕ್ ಕೆಳಗಿದೆ. ನನ್ನ ಅರ್ಜಿ ನೋಡ್ತೀರಾ?"

ಮೂರನೇ ವಾಕ್ಯಕ್ಕೇ ಜಾಸ್ತಿ ಹೊತ್ತು ಕೂತಿದ್ದೆ. ಅದಿಲ್ಲದಿದ್ರೆ ನವೆಂಬರ್‌ನಲ್ಲಿ ಬೇಡ ಅಂದ ಹುಡುಗನೇ ಮತ್ತೆ ಬಂದ ಹಾಗೆ. ಯಾಕೆ ರಿಜೆಕ್ಟ್ ಮಾಡಿದ್ರಿ ಅಂತ ಕೇಳಲಿಲ್ಲ. ಅದಕ್ಕೆ ಉತ್ತರ ಬರೆಯೋದು ಅವರಿಗೆ ಕಷ್ಟ, ಮೇಲ್ ಅಲ್ಲೇ ಉಳಿಯುತ್ತೆ.

ಮೂರನೇ ದಿನ ಉತ್ತರ ಬಂತು: "ಟೀಮ್‌ಗೆ ಕಳಿಸಿದ್ದೀನಿ." ಇಂಟರ್ವ್ಯೂ ಇನ್ನೂ ಇಲ್ಲ.