ಒಂಬತ್ತನೇ ಮಹಡಿಯ ಆಕಾಶಬುಟ್ಟಿ

ಹೋದ ವರ್ಷ ನರಕ ಚತುರ್ದಶಿಯ ರಾತ್ರಿ ನಮ್ಮ ಮನೆಯ ಬಾಲ್ಕನಿಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಸದ್ದಾಗುತ್ತಿತ್ತು. ಆಕಾಶಬುಟ್ಟಿ ಗಾಳಿಗೆ ಕಂಬಿಗೆ ಬಡಿಯುತ್ತಿದೆ ಅಂತ ಗೊತ್ತಾಯಿತು. ಬೆಳಿಗ್ಗೆ ನೋಡಿದರಾಯಿತು ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಬುಟ್ಟಿಯೇ ಇಲ್ಲ! ಬಲ್ಬಿನ ಹೋಲ್ಡರ್ ಮಾತ್ರ ವೈರಿನ ತುದಿಯಲ್ಲಿ ತೂಗಾಡುತ್ತಿತ್ತು.

ಬುಟ್ಟಿ ಒಂಬತ್ತು ಮಹಡಿ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಮುರಿದು ಬಿದ್ದಿತ್ತು. ಹಿಂದಿನ ಸಂಜೆ ಮಕ್ಕಳು ಸುರುಸುರುಬತ್ತಿ ಹಚ್ಚಿದ್ದು ಅದೇ ಜಾಗದಲ್ಲಿ. ರಾತ್ರಿ ಅಲ್ಲಿ ಯಾರೂ ಇರಲಿಲ್ಲ ಎನ್ನುವುದು ನಮ್ಮ ಅದೃಷ್ಟ, ನನ್ನ ಜಾಣತನವಲ್ಲ. ಬಿದಿರಿನ ಕಡ್ಡಿಯ ಬುಟ್ಟಿ ಹಗುರ, ನಿಜ. ಆದರೆ ಅಷ್ಟು ಎತ್ತರದಿಂದ ಮೊನಚು ಕಡ್ಡಿ ಕೆಳಗಿದ್ದವರ ಕಣ್ಣಿಗೆ ಬಿದ್ದರೆ?

ನಾನು ಚಿಕ್ಕಂದಿನಿಂದಲೂ ಆಕಾಶಬುಟ್ಟಿ ಕಟ್ಟಿದವನು. ಊರಿನಲ್ಲಿ ಅಂಗಳದಲ್ಲಿ ಉದ್ದದ ಬಿದಿರಿನ ಗಳ ನೆಟ್ಟು, ಅದರ ತುದಿಗೊಂದು ರಾಟೆ ಕಟ್ಟಿ, ಹಗ್ಗದಿಂದ ಬುಟ್ಟಿಯನ್ನು ಮೇಲೇರಿಸುತ್ತಿದ್ದೆವು. ಬಿದ್ದರೂ ಅದು ನಮ್ಮ ಅಂಗಳದಲ್ಲೇ ಬೀಳುತ್ತಿತ್ತು. ಅದೇ ಅಭ್ಯಾಸದಲ್ಲಿ ಬೆಂಗಳೂರಿನ ಈ ಎತ್ತರದ ಬಾಲ್ಕನಿಯಲ್ಲೂ ಒಂದು ದಾರದಿಂದ ತೂಗುಹಾಕಿಬಿಟ್ಟಿದ್ದೆ.

ಆರನೇ ತರಗತಿಯ ನನ್ನ ಮೊಮ್ಮಗಳು ಮುರಿದ ಬುಟ್ಟಿಯನ್ನು ಮೇಲೆ ತಂದು, ದಾರದ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. "ಅಜ್ಜ, ಇದು ನಡುವೆ ಹರಿದಿಲ್ಲ. ಕೊಂಡಿ ತಾಗುವ ಕಡೆ ಹತ್ತಿ ಥರ ಆಗಿದೆ ನೋಡಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಬುಟ್ಟಿ ಇಡೀ ರಾತ್ರಿ ತೂಗಿ ತೂಗಿ, ದಾರ ಕಬ್ಬಿಣದ ಕೊಂಡಿಗೆ ಉಜ್ಜಿ ಎಳೆ ಎಳೆಯಾಗಿ ಸವೆದಿತ್ತು. ಭಾರಕ್ಕೆ ದಾರ ಹರಿಯಲಿಲ್ಲ, ಉಜ್ಜಾಟಕ್ಕೆ ಹರಿಯಿತು.

ಈ ವರ್ಷ ನಾವಿಬ್ಬರೂ ಹಬ್ಬಕ್ಕೆ ಎರಡು ವಾರ ಮೊದಲೇ ಕೆಲಸ ಶುರುಮಾಡಿದೆವು. ಮೊದಲು ಒಂದು ಪರೀಕ್ಷೆ. ಸಣ್ಣ ಬುಟ್ಟಿಯೊಂದನ್ನು ಒಂದೇ ದಾರದಿಂದ ಕೋಣೆಯಲ್ಲಿ ತೂಗುಹಾಕಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟೆವು. ಒಂದನೇ ವೇಗದಲ್ಲಿ ಬುಟ್ಟಿ ತೂಗಿತು. ಮೂರನೇ ವೇಗದಲ್ಲಿ ತೂಗುವುದರ ಜೊತೆಗೆ ಗಿರಗಿರನೆ ಸುತ್ತಿ ದಾರವನ್ನೆಲ್ಲ ಹುರಿಗಟ್ಟಿಸಿತು. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ನೆಲದ ಹತ್ತಿರ ಮರ, ಮನೆ, ಗೋಡೆಗಳು ಗಾಳಿಯನ್ನು ತಡೆಯುತ್ತವೆ. ಒಂಬತ್ತನೇ ಮಹಡಿಯಲ್ಲಿ ತಡೆಯುವವರು ಯಾರೂ ಇಲ್ಲ. ಅದರ ಮೇಲೆ ಗೋಡೆಗೆ ಬಡಿದ ಗಾಳಿ ಕಟ್ಟಡದ ಮೂಲೆ ಸುತ್ತಿಕೊಂಡು ಹೋಗುವಾಗ ಇನ್ನೂ ಜೋರಾಗುತ್ತದೆ. ಹೋದ ವರ್ಷ ನಾನು ಬುಟ್ಟಿ ಕಟ್ಟಿದ್ದು ಸರಿಯಾಗಿ ಆ ಮೂಲೆಯಲ್ಲೇ, ಅದೂ ಕಂಬಿಯಿಂದ ಹೊರಗೆ, ಬೀದಿಗೆ ಚೆನ್ನಾಗಿ ಕಾಣಲಿ ಅಂತ.

ಹಾಗಾಗಿ ಮೊದಲ ಬದಲಾವಣೆ ಜಾಗದ್ದು. ಬುಟ್ಟಿಯನ್ನು ಮೂಲೆಯಿಂದ ಬಾಲ್ಕನಿಯ ನಡುವಿಗೆ ತಂದೆವು. ಕಂಬಿಯಿಂದ ಒಂದು ಮೊಳಕ್ಕಿಂತ ಹೆಚ್ಚು ಒಳಗೆ, ಚಾವಣಿಯ ಕೊಂಡಿಗೆ. ಅಲ್ಲಿಂದ ಅದು ಬಿದ್ದರೂ ನಮ್ಮ ನೆಲಕ್ಕೇ ಬೀಳಬೇಕು. ಎರಡನೆಯದು ಅಳತೆ. ಎರಡು ಅಡಿಯ ಬುಟ್ಟಿಯ ಬದಲು ಒಂದು ಅಡಿಯದನ್ನು ಮಾಡಿದೆವು. ಎತ್ತರ, ಅಗಲ ಎರಡೂ ಅರ್ಧವಾದರೆ ಗಾಳಿಗೆ ಸಿಗುವ ಕಾಗದ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲೆ, ಕೆಳಗೆ ಕಾಗದ ಅಂಟಿಸದೆ ತೆರೆದೇ ಬಿಟ್ಟೆವು. ಕೆಳಗಿನ ಬಣ್ಣದ ಬಾಲಗಳನ್ನು ಗೇಣುದ್ದಕ್ಕೆ ಕತ್ತರಿಸಿದಾಗ ಮೊಮ್ಮಗಳ ಮುಖ ಸಣ್ಣದಾಯಿತು. ಉದ್ದ ಬಾಲ ಗಾಳಿಗೆ ಪಟಪಟ ಬಡಿದು ಬುಟ್ಟಿಯನ್ನೇ ಎಳೆದಾಡುವುದನ್ನು ಫ್ಯಾನಿನ ಮುಂದೆ ತೋರಿಸಿದ ಮೇಲೆ ಅವಳೇ ಕತ್ತರಿ ಹಿಡಿದಳು.

ಮುಖ್ಯವಾದದ್ದು ಕೆಳಗಿನ ದಾರಗಳು. ಮೇಲಿನಿಂದ ಮಾತ್ರ ಕಟ್ಟಿದ ಬುಟ್ಟಿ ತೂಗಿಯೇ ತೂಗುತ್ತದೆ. ಕೆಳಗಿನಿಂದ ಒಂದು ದಾರ ಎಳೆದು ಕಟ್ಟಿದರೆ ಅಡ್ಡಡ್ಡ ಸರಿಯುತ್ತದೆ. ಎರಡು ಕಟ್ಟಿದರೂ ಆ ಎರಡು ದಾರಗಳ ಗೆರೆಗೆ ಅಡ್ಡವಾಗಿ ಹಿಂದೆ ಮುಂದೆ ಆಡುತ್ತದೆ. ಮೂರು ದಾರಗಳನ್ನು ಬುಟ್ಟಿಯ ಕೆಳಗಿನ ಚೌಕಟ್ಟಿನ ಬೇರೆ ಬೇರೆ ಮೂಲೆಗಳಿಂದ ಮೂರು ದಿಕ್ಕಿಗೆ ಹರಡಿ ಕಟ್ಟಿದರೆ ತೂಗುವುದೂ ನಿಲ್ಲುತ್ತದೆ, ಸುತ್ತುವುದೂ ನಿಲ್ಲುತ್ತದೆ. ನಾವು ಎರಡನ್ನು ಕಂಬಿಗೆ, ಒಂದನ್ನು ಗೋಡೆಯಲ್ಲಿದ್ದ ಬಟ್ಟೆ ಒಣಗಿಸುವ ತಂತಿಯ ಕೊಂಡಿಗೆ ಕಟ್ಟಿದೆವು.

ಇಲ್ಲೊಂದು ತಪ್ಪು ಮಾಡಿದೆವು. ಗಟ್ಟಿಯಾಗಿರಲಿ ಅಂತ ಮೂರನ್ನೂ ತಂಬೂರಿ ತಂತಿಯ ಹಾಗೆ ಬಿಗಿದೆವು. ಮರುದಿನವೇ ಕೆಳಗಿನ ಒಂದು ಕಡ್ಡಿ ಸೀಳಿತ್ತು. ಗಾಳಿ ಬಂದಾಗ ಬುಟ್ಟಿಗೆ ಸ್ವಲ್ಪವಾದರೂ ಬಾಗಲು ಜಾಗ ಬೇಕು. ಹಾಗಂತ ಸಡಿಲ ಬಿಟ್ಟರೆ ದಾರ ಪ್ರತಿ ಸಲವೂ ಝಟಕ್ಕನೆ ಎಳೆದು ನಿಲ್ಲುತ್ತದೆ, ಆ ಎಳೆತ ಇನ್ನೂ ಕೆಟ್ಟದ್ದು. ಇದಕ್ಕೆ ಸೈಕಲ್ ಅಂಗಡಿಯ ಹಳೆಯ ಟ್ಯೂಬ್ ನೆರವಿಗೆ ಬಂತು. ಬೆರಳಗಲದ ಬಳೆಗಳಂತೆ ಅದನ್ನು ಕತ್ತರಿಸಿ, ಪ್ರತಿ ದಾರದ ತುದಿಗೆ ಒಂದೊಂದು ರಬ್ಬರ್ ಬಳೆ ಕಟ್ಟಿ, ಆ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿದೆವು. ಗಾಳಿ ತಳ್ಳಿದರೆ ರಬ್ಬರು ಹಿಗ್ಗುತ್ತದೆ, ನಿಂತರೆ ಬುಟ್ಟಿ ಮೆಲ್ಲಗೆ ಮೊದಲಿನ ಜಾಗಕ್ಕೆ ಬರುತ್ತದೆ.

ಮೇಲಿನ ದಾರಕ್ಕೆ ಊರಿನ ಗಳದ ನೆನಪೇ ದಾರಿ ತೋರಿಸಿತು. ಚಾವಣಿಯ ಕೊಂಡಿಗೆ ಗಂಟು ಹಾಕುವ ಬದಲು ಅದಕ್ಕೊಂದು ಪುಟ್ಟ ರಾಟೆ ಸಿಕ್ಕಿಸಿ, ನೈಲಾನ್ ಹುರಿಯನ್ನು ಅದರ ಮೇಲಿಂದ ಹಾಯಿಸಿ, ಗೋಡೆಯ ಇನ್ನೊಂದು ಕೊಂಡಿಗೆ ಮೊಮ್ಮಗಳ ಎದೆಯೆತ್ತರದಲ್ಲಿ ಕಟ್ಟಿದೆವು. ಏಣಿ ಹತ್ತಿ ರಾಟೆ ಸಿಕ್ಕಿಸಿದ್ದು ನನ್ನ ಮಗ, ಅದೂ ಒಂದೇ ಸಲ. ಆಮೇಲೆ ಬುಟ್ಟಿ ಇಳಿಸಲು, ಏರಿಸಲು ಯಾರೂ ಸ್ಟೂಲ್ ಹತ್ತಬೇಕಿಲ್ಲ. ಬಾಲ್ಕನಿಯ ಕಂಬಿಯ ಪಕ್ಕ ಸ್ಟೂಲ್ ಹತ್ತುವ ಕೆಲಸ ಮಕ್ಕಳಿಗೂ ಬೇಡ, ನನ್ನಂಥ ಅಜ್ಜಂದಿರಿಗೂ ಬೇಡ. ನೈಲಾನ್ ನುಣುಪು, ಒಂದು ಗಂಟು ತಾನೇ ಜಾರುತ್ತದೆ. ಕೊಂಡಿಗೆ ಎರಡು ಸುತ್ತು ಸುತ್ತಿ, ಆಮೇಲೆ ಎರಡು ಗಂಟು ಹಾಕಿ, ತುದಿಯನ್ನು ನಾಲ್ಕು ಬೆರಳು ಉದ್ದ ಬಿಡಬೇಕು. ತುದಿ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದ್ದರೆ ಗಂಟು ಜಾರುತ್ತಿದೆ ಎಂದರ್ಥ.

ಇಷ್ಟಾದರೂ ಇನ್ನೊಂದು ದಾರ ಬೇಕು. ಅದು ಯಾವ ಕೆಲಸವನ್ನೂ ಮಾಡುವುದಿಲ್ಲ, ಸುಮ್ಮನೆ ಸಡಿಲವಾಗಿ ಇರುತ್ತದೆ. ಒಂದು ತುದಿ ಬುಟ್ಟಿಯ ಚೌಕಟ್ಟಿಗೆ, ಇನ್ನೊಂದು ತುದಿ ಬೇರೆಯದೇ ಕಂಬಿಗೆ. ಉಳಿದವೆಲ್ಲ ಹರಿದ ದಿನ ಬುಟ್ಟಿ ಹಾರಿಹೋಗದಂತೆ ಹಿಡಿಯುವುದು ಇದೇ. ವಿದ್ಯುತ್ ವೈರಿಗೆ ಮಾತ್ರ ಯಾವ ಭಾರವನ್ನೂ ಹೊರಿಸಬಾರದು. ಹೋದ ವರ್ಷ ದಾರ ಹರಿದ ಮೇಲೆ ಬುಟ್ಟಿಯನ್ನು ಸ್ವಲ್ಪ ಹೊತ್ತು ಹಿಡಿದದ್ದು ವೈರೇ ಇರಬೇಕು, ಹೋಲ್ಡರಿನ ಬುಡದಲ್ಲಿ ಅದರ ತಾಮ್ರ ಕಾಣುತ್ತಿತ್ತು. ಈ ಸಲ ವೈರನ್ನು ದಾರಕ್ಕಿಂತ ಉದ್ದ ಬಿಟ್ಟು, ಹೊಸ ಹೋಲ್ಡರ್ ಹಾಕಿಸಿ, ಪ್ಲಗ್ಗನ್ನು ಕೋಣೆಯ ಒಳಗಿಟ್ಟೆವು. ಬುಟ್ಟಿ ಮುಟ್ಟುವ ಮೊದಲು ಪ್ಲಗ್ ಕೀಳುವುದು ನಿಯಮ. ಒಳಗೆ ಸಣ್ಣ ಎಲ್‌ಇಡಿ ಬಲ್ಬ್, ಎಣ್ಣೆ ದೀಪವಲ್ಲ.

ನಮ್ಮ ಬುಟ್ಟಿ ನೋಡಿದ ಮಹಡಿಯ ಮಕ್ಕಳು ತಾರಸಿಯ ಮೇಲೆ ಬಟ್ಟೆಯ ತೋರಣ ಕಟ್ಟಲು ಕರೆದರು. ಎರಡು ಕಂಬಗಳ ನಡುವೆ 6 ಮೀಟರ್. ಹುಡುಗರು ಹಗ್ಗವನ್ನು ನೆಟ್ಟಗೆ ಬಿಗಿದಿದ್ದರು. ಸಂಜೆಯೊಳಗೆ ಮೊಳೆ ಕಿತ್ತು ಬಂತು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಇಡೀ ತೋರಣವನ್ನು ಗಾಳಿ 2 ಕೆಜಿ ಭಾರದಷ್ಟು ತಳ್ಳುತ್ತದೆ ಎಂದುಕೊಳ್ಳಿ. ಹಗ್ಗ ನಡುವೆ 15 ಸೆಂಟಿಮೀಟರ್ ಮಾತ್ರ ಬಾಗುವಷ್ಟು ಬಿಗಿಯಾಗಿದ್ದರೆ ಒಂದೊಂದು ಮೊಳೆಯ ಮೇಲೂ ಸುಮಾರು 10 ಕೆಜಿ ಎಳೆತ ಬೀಳುತ್ತದೆ. ಅದೇ ಹಗ್ಗ 60 ಸೆಂಟಿಮೀಟರ್ ಬಾಗಲು ಬಿಟ್ಟರೆ ಎಳೆತ ಮೂರು ಕೆಜಿಯೂ ಇಲ್ಲ. ಉದ್ದದ ಹತ್ತನೇ ಒಂದು ಭಾಗದಷ್ಟು ಜೋಲು ಬಿಡಿ ಎಂದೆ. ಮೊಳೆ ಬಿಟ್ಟು ಕಂಬಕ್ಕೇ ಸುತ್ತಿ ಕಟ್ಟಿದರು. ಪತಾಕೆಗಳು ಹಗ್ಗದ ಮೇಲೆ ಸರಿದು ಒಂದೆಡೆ ಗುಂಪಾಗದಂತೆ ಹುಡುಗಿಯರು ಪ್ರತಿಯೊಂದನ್ನೂ ಹಗ್ಗಕ್ಕೆ ಸೇರಿಸಿ ಎರಡು ಹೊಲಿಗೆ ಹಾಕಿದರು.

ಆದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಅದಕ್ಕೊಂದು ಮಿತಿ ಇದೆ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ಅಧಿಕಾರಿ ಗಾಳಿಯನ್ನು ಕಣ್ಣಳತೆಯಿಂದಲೇ ಅಳೆಯುವ ಮಾಪಕ ಮಾಡಿದ. ನೆಲದ ಮೇಲೂ ಬಳಸುವಂತೆ ಆಮೇಲೆ ಅದನ್ನು ಬೆಳೆಸಿದರು. ಅದರಲ್ಲಿ ಎಲೆ, ಸಣ್ಣ ರೆಂಬೆ ಬಿಡದೆ ಅಲ್ಲಾಡಿದರೆ 3. ದೂಳು, ಕಾಗದದ ಚೂರು ಮೇಲೆದ್ದರೆ 4. ಸಣ್ಣ ಮರಗಳೇ ತೂಗಿದರೆ 5. ಕೆಳಗಿನ ರಸ್ತೆಯಲ್ಲಿ 4 ಕಂಡರೆ ನಮ್ಮ ಮಹಡಿಯಲ್ಲಿ ಅದಕ್ಕಿಂತ ಜೋರಿರುತ್ತದೆ. ಆದ್ದರಿಂದ ರಸ್ತೆಯಲ್ಲಿ ಕಾಗದ ಹಾರಿದರೆ ಬುಟ್ಟಿ ಇಳಿಸುವುದು ಎಂದು ತೀರ್ಮಾನಿಸಿದೆವು. ಮಲಗುವ ಮುನ್ನ ಒಮ್ಮೆ ಕೆಳಗೆ ನೋಡುವುದು, ಬೆಳಿಗ್ಗೆ ದಾರ ಸವೆದಿದೆಯೇ ಎಂದು ಬೆರಳಾಡಿಸಿ ನೋಡುವುದು ಮೊಮ್ಮಗಳ ಕೆಲಸ. ಕಾರ್ತಿಕ ಮಾಸವಿಡೀ ಬುಟ್ಟಿ ಇರಬೇಕಲ್ಲ.

ಬಲಿಪಾಡ್ಯಮಿಯ ರಾತ್ರಿ ಊಟ ಮಾಡುತ್ತಿದ್ದಾಗ ಅವಳು ಎದ್ದು ಹೋಗಿ ಕೆಳಗೆ ಇಣುಕಿದಳು. "ಅಜ್ಜ, ಪಟಾಕಿ ಕಾಗದ ಹಾರ್ತಾ ಇದೆ." ಅವಳಪ್ಪ ಪ್ಲಗ್ ಕಿತ್ತ. ಅವಳು ಮೂರು ಕೊಕ್ಕೆ ಬಿಡಿಸಿ, ಹುರಿ ಸಡಿಲಿಸಿ ಬುಟ್ಟಿಯನ್ನು ಇಳಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ರಾತ್ರಿಯಿಡೀ ಕಿಟಕಿ ಗಡಗಡ ಅಂದಿತು. ಆಕಾಶಬುಟ್ಟಿ ಊಟದ ಮೇಜಿನ ಮೇಲೆ ಕೂತಿತ್ತು.

ಮರುದಿನ ಸಂಜೆ ಅವಳೇ ಹುರಿ ಎಳೆದು ಏರಿಸಿದಳು.