ನಾಲ್ಕು ಲಕ್ಷದ ಆಫರ್ ಲೆಟರ್

ನಮ್ಮ ಕೇರಿಯ ಹುಡುಗಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ಸಿಟಿಸಿ 4 ಲಕ್ಷ. ತಿಂಗಳಿಗೆ 33 ಸಾವಿರ ಅಂತ ಅವರಪ್ಪ ಸಾಲ ತೀರಿಸೋ ಮಾತು ಕೊಡೋಕೆ ಹೊರಟಿದ್ರು. ತಡೀರಣ್ಣ ಅಂದು ಕೊನೇ ಪುಟದ ಸಂಬಳದ ಪಟ್ಟಿ ತೆಗೆಸಿದೆ. ಸಿಟಿಸಿ ಅಂದ್ರೆ ಕಂಪನಿಗೆ ಬೀಳೋ ಖರ್ಚು. ಅದರಲ್ಲಿ ವೇರಿಯಬಲ್ ಪೇ 40,000. ವರ್ಷದ ಕೊನೆಗೆ, ಅದೂ ಅವರು ಒಪ್ಪಿದಷ್ಟು. ಕಂಪನಿ ಪಾಲಿನ ಪಿಎಫ್ 21,600. ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ ಸಿಗೋ ಗ್ರಾಚ್ಯುಟಿ 8,650. ಇವು ಕಳೆದರೆ ತಿಂಗಳಿಗೆ ಸುಮಾರು 27,480. ಅದರಲ್ಲೂ ಅವಳ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ 25,480. ಪಿಎಫ್ ಅವಳ ದುಡ್ಡೇ ಬಿಡಿ, ಆದ್ರೆ ಪಿಜಿ ಬಾಡಿಗೆಗೆ ಬರಲ್ಲ.

ವೇರಿಯಬಲ್ ಹೋದ ವರ್ಷ ಎಷ್ಟು ಪರ್ಸೆಂಟ್ ಕೊಟ್ರು, ನಡುವೆ ಬಿಟ್ರೆ ಸಿಗುತ್ತಾ, ಮೇಲ್‌ನಲ್ಲೇ ಕೇಳು ಅಂದೆ. "ಕೇಳಿದ್ರೆ ಕೆಲಸಾನೇ ಕಿತ್ಕೊಂಡ್ರೆ ಅಣ್ಣಾ?" ಅಂದಳು. ಈ ಭಯ ಎಲ್ಲಿಂದ ಬಂದಿದ್ದು ಅಂತ ನಮಗೆ ಗೊತ್ತಿಲ್ವಾ? ಮೇಲ್ ಕಳಿಸಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.