‘ಬೇ’ ಎಂಬ ಒಂದಕ್ಷರ

ಹೋದ ಬೇಸಗೆಯಲ್ಲಿ ಬಬಲೇಶ್ವರದ ನಮ್ಮ ಕಾಕಾ ಒಂದು ಕಾಗದ ಹಿಡಿದು ವಿಜಯಪುರದ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. “ಸಾಲ ಎಲ್ಲಾ ಕಟ್ಟೀನಿ ತಮ್ಮಾ. ಆದರೂ ಬಾಕಿ ಅಂತ ಬರದಾರ ನೋಡು,” ಎಂದರು. ಕಾಗದದ ನೆತ್ತಿಯ ಮೇಲೆ ‘ಬೇಬಾಕಿ ಪ್ರಮಾಣಪತ್ರ’ ಎಂದಿತ್ತು.

ಪಾಠಕ್ಕೆಂದು ಬಂದಿದ್ದ ತಿಕೋಟಾದ ಹುಡುಗಿಗೆ ಕಾಗದವನ್ನು ಕೊಟ್ಟೆ. ಆ ಪದ ಅವಳಿಗೂ ಹೊಸದು. ತುಸು ಯೋಚಿಸಿ, “ಬೇಜವಾಬ್ದಾರಿ ಅಂದ್ರ ಜವಾಬ್ದಾರಿ ಇಲ್ಲದ್ದು. ಹಂಗಾದ್ರ ಇದು ಬಾಕಿ ಇಲ್ಲದ್ದು ಅಲ್ಲೇನ್ರಿ ಸರ?” ಎಂದಳು. ಕೆಳಗಿನ ಸಾಲು ಓದಿದೆವು. ಸಾಲ ಪೂರ್ತಿ ಸಂದಾಯವಾಗಿದೆ ಎಂದೇ ಇತ್ತು. ಕಾಕಾ ಚಹ ಕೇಳಿದರು.

‘ಇಲ್ಲದ’ ಎಂಬರ್ಥದ ಈ ‘ಬೇ’ ಪಾರಸಿಯದು. 1686ರವರೆಗೆ ಆದಿಲಶಾಹಿಗಳು ಆಳಿದ ನಮ್ಮೂರಿನಲ್ಲಿ ಕಚೇರಿಯ ಮಾತಿಗೆ ಪಾರಸಿಯ ನಂಟು ಹಳೆಯದು. ‘ಗೈರುಹಾಜರಿ’ಯ ‘ಗೈರು’, ‘ನಾಲಾಯಕ’ದ ‘ನಾ’ ಕೂಡ ಹೀಗೆ ಮುಂದೆ ನಿಂತು ‘ಅಲ್ಲ’ ಎನ್ನುವ ತುಣುಕುಗಳೇ.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದೆ. ಹಿಂದಿನ ಬೆಂಚಿನವನೊಬ್ಬ ಎದ್ದು, “ಹಂಗಾದ್ರ ಬೇಸರ ಅಂದ್ರ ಕೊರಳಾಗ ಸರ ಇಲ್ಲದ್ದೇನ್ರಿ?” ಎಂದ. ಎಲ್ಲರೂ ನಕ್ಕರು. ಆದರೆ ಅವನ ಪ್ರಶ್ನೆ ಸರಿಯಾಗಿತ್ತು. ‘ಬೇ’ ತೆಗೆದರೆ ‘ಬೇಸಾಯ’ದಲ್ಲಿ ಉಳಿಯುವ ‘ಸಾಯ’ ಪದವೇ ಅಲ್ಲ. ಅಲ್ಲಿಗೆ ಊಹೆ ಬಿಡಬೇಕು. ‘ಬೇಸರ’ದಲ್ಲಿ ‘ಸರ’ ಉಳಿಯುತ್ತದೆ, ಅರ್ಥ ಕೂಡುವುದಿಲ್ಲ. ಉಳಿದದ್ದು ಪದವಾಗಿರಬೇಕು, ಅದರ ‘ಇಲ್ಲ’ ಎಂಬರ್ಥ ಆ ವಾಕ್ಯಕ್ಕೂ ಹೊಂದಬೇಕು. ಕಾಕಾನ ಕಾಗದದಲ್ಲಿ ಎರಡೂ ಕೂಡಿದ್ದವು.